ಇಂಜೆಕ್ಷನ್ ಹಾಕಿಸಿದರೂ ಹಿಮೋಗ್ಲೋಬಿನ್ ಏರದಿದ್ದಾಗ: ಮೂತ್ರಪಿಂಡದಿಂದ ಮಜ್ಜೆಯವರೆಗೆ ಕ್ರಮವಾಗಿ ಹುಡುಕುವುದು ಹೇಗೆ

ಮೈಸೂರಿನ ಒಂದು ರಕ್ತಪರೀಕ್ಷಾ ಕೇಂದ್ರದಲ್ಲಿ ನಾನು ಕೆಲಸ ಮಾಡುತ್ತೇನೆ. ಮಂಡ್ಯ, ಮಳವಳ್ಳಿ, ಮದ್ದೂರು, ಶ್ರೀರಂಗಪಟ್ಟಣದ ಕಡೆಯಿಂದ ಬರುವ ಡಯಾಲಿಸಿಸ್ ರೋಗಿಗಳ ಮನೆಯವರು ಫೈಲನ್ನು ಮೇಜಿನ ಮೇಲಿಟ್ಟು ಹೇಳುವ ಮಾತು ಹೆಚ್ಚುಕಡಿಮೆ ಒಂದೇ. "ಒಂದೂವರೆ ತಿಂಗಳಿಂದ ರಕ್ತದ ಇಂಜೆಕ್ಷನ್ ಹಾಕಿಸುತ್ತಿದ್ದೇವೆ ಮೇಡಂ, ಹಿಮೋಗ್ಲೋಬಿನ್ ಏಳೂವರೆ ಬಿಟ್ಟು ಕದಲಿಲ್ಲ. ಇನ್ನೂ ಹೆಚ್ಚಿನ ಪವರ್‌ನ ಇಂಜೆಕ್ಷನ್ ಬೇಕೇನೋ?" ಬಹಳ ಸಲ ಬೇಕಾಗಿರುವುದು ಹೆಚ್ಚಿನ ಇಂಜೆಕ್ಷನ್ ಅಲ್ಲ. ಆ ಇಂಜೆಕ್ಷನ್ನಿನಲ್ಲಿ ರಕ್ತವೂ ಇಲ್ಲ, ಕಬ್ಬಿಣವೂ ಇಲ್ಲ. ಅದರಲ್ಲಿ ಇರುವುದು ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನು, ಅಂದರೆ ಕೆಂಪುಕಣ ತಯಾರಿಸುವ ಮೂಳೆಮಜ್ಜೆಗೆ ಹೋಗುವ ಒಂದು ಸಂದೇಶ ಮಾತ್ರ. ಸಂದೇಶ ಹೋದ ಮೇಲೆ ನಡೆಯಬೇಕಾದ ಕೆಲಸ ಎಲ್ಲಿ ನಿಂತಿದೆ ಎಂದು ನೋಡದೆ ಸಂದೇಶವನ್ನೇ ಜೋರು ಮಾಡುತ್ತಾ ಹೋದರೆ ರಕ್ತ ಏರುವುದಿಲ್ಲ, ರಕ್ತದೊತ್ತಡ ಏರುತ್ತದೆ.

ಇಲ್ಲಿ ಬರೆದಿರುವ ಹಂತಗಳ ಕ್ರಮ ಮುಖ್ಯ. ಮೊದಲ ಹಂತ ಬಿಟ್ಟು ನಾಲ್ಕನೆಯದಕ್ಕೆ ಹಾರಿದವರು ಹಣ ಕಳೆದುಕೊಂಡಿರುವುದನ್ನು ನೋಡಿದ್ದೇನೆ. ಔಷಧದ ಪ್ರಮಾಣ ತೀರ್ಮಾನಿಸುವುದು ನಿಮ್ಮ ಮೂತ್ರಪಿಂಡ ತಜ್ಞರ ಕೆಲಸ. ಅವರ ಮುಂದೆ ಸರಿಯಾದ ಪ್ರಶ್ನೆ, ಸರಿಯಾದ ಕಾಗದದೊಂದಿಗೆ ಕೂರುವುದು ನಿಮ್ಮ ಕೆಲಸ.

## ಮೊದಲು ಕೈಯಲ್ಲಿ ಇರಬೇಕಾದದ್ದು

ಒಂದು ನೋಟ್‌ಬುಕ್ ಸಾಕು. ಅದರಲ್ಲಿ ಕಳೆದ ಮೂರು ತಿಂಗಳ ಹಿಮೋಗ್ಲೋಬಿನ್ ಅಂಕಿಗಳನ್ನು ತಾರೀಖಿನ ಜೊತೆ ಬರೆಯಿರಿ. ಪಕ್ಕದಲ್ಲೇ ಆ ದಿನ ಡಯಾಲಿಸಿಸ್‌ಗೆ ಮುಂಚೆ ಇದ್ದ ತೂಕ, ರಕ್ತದೊತ್ತಡ, ಇಂಜೆಕ್ಷನ್ ಹಾಕಿದ ದಿನಗಳು, ತಪ್ಪಿದ ದಿನಗಳು ಇರಲಿ. ಜ್ವರ ಬಂದದ್ದು, ಹಲ್ಲು ಕೀಳಿಸಿದ್ದು, ರಕ್ತ ಏರಿಸಿದ್ದು, ಕಬ್ಬಿಣದ ಡ್ರಿಪ್ ಹಾಕಿದ್ದು ಎಲ್ಲವೂ ಸೇರಲಿ. ತಪ್ಪಿದ ದಿನಗಳನ್ನು ಮುಚ್ಚಿಡಬೇಡಿ. ಹಬ್ಬಕ್ಕೆಂದೋ ಬಸ್ ಸಿಗಲಿಲ್ಲವೆಂದೋ ಬಿಟ್ಟ ಎರಡು ವಾರಗಳೇ ಎಷ್ಟೋ ಸಲ ಇಡೀ ಒಗಟಿಗೆ ಉತ್ತರವಾಗಿರುತ್ತವೆ.

## ಹಂತ 1: ಅಂಕಿ ನಿಜವೇ ಎಂದು ಖಚಿತಪಡಿಸಿಕೊಳ್ಳಿ

ಹಿಮೋಗ್ಲೋಬಿನ್ ಎಂದರೆ 100 ಮಿಲಿಲೀಟರ್ ರಕ್ತದಲ್ಲಿ ಎಷ್ಟು ಗ್ರಾಂ ಇದೆ ಎಂಬ ಲೆಕ್ಕ. ಮೂತ್ರ ಹೋಗದವರ ಮೈಯಲ್ಲಿ ಎರಡು ಡಯಾಲಿಸಿಸ್‌ಗಳ ನಡುವೆ ನೀರು ತುಂಬುತ್ತದೆ, ರಕ್ತವೂ ತೆಳುವಾಗುತ್ತದೆ. ಕಣಗಳ ಸಂಖ್ಯೆ ಅಷ್ಟೇ ಇದ್ದರೂ ಅಂಕಿ ಇಳಿಯುತ್ತದೆ. ಒಬ್ಬರೇ ರೋಗಿಯ ರಕ್ತವನ್ನು ಒಂದೇ ದಿನ ಡಯಾಲಿಸಿಸ್‌ಗೆ ಮುಂಚೆ ತೆಗೆದರೆ 8.1, ನೀರು ತೆಗೆದ ಮೇಲೆ ತೆಗೆದರೆ 9.2 ಬರಬಹುದು. ಎರಡೂ ಸರಿಯಾದ ಅಂಕಿಗಳೇ, ಆದರೆ ಒಂದನ್ನು ಇನ್ನೊಂದರ ಜೊತೆ ಹೋಲಿಸುವುದು ತಪ್ಪು.

ಆದ್ದರಿಂದ ಪ್ರತಿ ತಿಂಗಳೂ ಡಯಾಲಿಸಿಸ್ ಯಂತ್ರಕ್ಕೆ ಜೋಡಿಸುವ ಮುಂಚೆಯೇ ರಕ್ತ ಕೊಡಿ. ಸಾಧ್ಯವಾದರೆ ದೀರ್ಘ ಬಿಡುವಿನ ನಂತರದ ದಿನ ಬೇಡ, ಕಡಿಮೆ ಬಿಡುವಿನ ನಂತರದ ದಿನ ಕೊಡಿ. ಪ್ರತಿ ಸಲವೂ ಒಂದೇ ಪ್ರಯೋಗಾಲಯವಿರಲಿ. ಅಂಕಿ ಇಳಿದ ದಿನ ತೂಕ ಎಂದಿಗಿಂತ ಮೂರು ಕಿಲೋ ಹೆಚ್ಚಿತ್ತೆಂದರೆ, ಮಜ್ಜೆಯನ್ನು ದೂರುವ ಮೊದಲು ನೀರನ್ನು ನೋಡಿ.

## ಹಂತ 2: ಸಂದೇಶ ತಲುಪುತ್ತಿದೆಯೇ ನೋಡಿ

ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವ ನೀರುಗಂಟಿಯನ್ನು ನಮ್ಮ ಕಡೆಯ ಹಳೆಯ ತಲೆಮಾರು ಚೆನ್ನಾಗಿ ಬಲ್ಲದು. ಗದ್ದೆ ಒಣಗಿದ್ದನ್ನು ಕಂಡರೆ ತೂಬು ತೆಗೆಯುತ್ತಾನೆ, ತುಂಬಿದ್ದನ್ನು ಕಂಡರೆ ಮುಚ್ಚುತ್ತಾನೆ. ರಕ್ತಕ್ಕೆ ಅಂಥ ನೀರುಗಂಟಿ ಮೂತ್ರಪಿಂಡ. ಅದರ ಹೊರಪದರದಲ್ಲಿ, ಮೂತ್ರ ಸೋಸುವ ಸಣ್ಣ ನಾಳಗಳ ನಡುವಿನ ಸಂದಿಗಳಲ್ಲಿ, ಆಮ್ಲಜನಕದ ಮಟ್ಟವನ್ನು ಗಮನಿಸುವ ಕೆಲವು ಕೋಶಗಳಿವೆ.

ಆ ಕೋಶಗಳ ಒಳಗೆ ಹಿಫ್ ಎಂಬ ಪ್ರೊಟೀನು ಸದಾ ತಯಾರಾಗುತ್ತಲೇ ಇರುತ್ತದೆ. ಆಮ್ಲಜನಕ ಸಾಕಷ್ಟಿದ್ದರೆ ಒಂದು ಕಿಣ್ವ ಆ ಆಮ್ಲಜನಕವನ್ನೇ ಬಳಸಿ ಹಿಫ್‌ಗೆ ಗುರುತು ಹಾಕುತ್ತದೆ, ಗುರುತು ಬಿದ್ದದ್ದು ಕೆಲವೇ ನಿಮಿಷಗಳಲ್ಲಿ ನಾಶವಾಗುತ್ತದೆ. ರಕ್ತ ಕಡಿಮೆಯಾಗಿ ಆಮ್ಲಜನಕ ಇಳಿದರೆ ಗುರುತು ಹಾಕುವ ಕೆಲಸ ನಿಲ್ಲುತ್ತದೆ, ಹಿಫ್ ಉಳಿದುಕೊಳ್ಳುತ್ತದೆ, ಎರಿಥ್ರೊಪೊಯೆಟಿನ್ ತಯಾರಿಸುವ ಜೀನಿಗೆ ಚಾಲನೆ ಕೊಡುತ್ತದೆ. ಹೀಗೆ ಹೊರಟ ಎರಿಥ್ರೊಪೊಯೆಟಿನ್ ರಕ್ತದಲ್ಲಿ ಸಾಗಿ ಮಜ್ಜೆಯನ್ನು ಸೇರುತ್ತದೆ. ವಯಸ್ಕರಲ್ಲಿ ಇದರ ಬಹುಪಾಲು ಮೂತ್ರಪಿಂಡದಿಂದಲೇ ಬರುತ್ತದೆ, ಸುಮಾರು ಹತ್ತನೇ ಒಂದು ಭಾಗ ಯಕೃತ್ತಿನಿಂದ.

ಈ ಕಾವಲು ಹೃದಯಕ್ಕೋ ಮೆದುಳಿಗೋ ಸಿಗದೆ ಮೂತ್ರಪಿಂಡಕ್ಕೆ ಏಕೆ ಸಿಕ್ಕಿತು ಎಂದು ಕಾಲೇಜಿಗೆ ಹೋಗುವ ಮಗಳೊಬ್ಬಳು ಕೇಳಿದ್ದಳು. ಮೂತ್ರಪಿಂಡಕ್ಕೆ ರಕ್ತ ಹೆಚ್ಚು ಹರಿದರೆ ಅದು ಸೋಸುವ ಕೆಲಸವೂ ಹೆಚ್ಚುತ್ತದೆ, ಆಮ್ಲಜನಕದ ಖರ್ಚೂ ಅದೇ ಅಳತೆಯಲ್ಲಿ ಏರುತ್ತದೆ. ಹರಿವು ಏರಿದರೂ ಇಳಿದರೂ ಉಳಿಯುವ ಆಮ್ಲಜನಕ ಹೆಚ್ಚು ಬದಲಾಗುವುದಿಲ್ಲ. ಹಾಗಾಗಿ ಅಲ್ಲಿ ಆಮ್ಲಜನಕ ಇಳಿಯಿತೆಂದರೆ ರಕ್ತದಲ್ಲಿ ಕೆಂಪುಕಣಗಳೇ ಕಡಿಮೆಯಾಗಿವೆ ಎಂದು ನಂಬಬಹುದು. ಆ ಹುಡುಗಿಗೆ ಈ ಉತ್ತರ ಹೇಳುವಾಗ ನನಗೇ ಮೈ ಜುಮ್ಮೆಂದಿತ್ತು.

ದೀರ್ಘಕಾಲದ ಮೂತ್ರಪಿಂಡ ರೋಗದಲ್ಲಿ ಈ ಕಾವಲು ಕೋಶಗಳು ಗಾಯದ ಕಲೆಯಂಥ ನಾರನ್ನು ಹೆಣೆಯುವ ಕೋಶಗಳಾಗಿ ಮಾರ್ಪಡುತ್ತವೆ. ಸಂದೇಶ ಕಳಿಸುವ ಶಕ್ತಿ ಕುಂದುತ್ತದೆ. ಹೊರಗಿನಿಂದ ಕೊಡುವ ಇಂಜೆಕ್ಷನ್ ತುಂಬುವುದು ಈ ಕೊರತೆಯನ್ನು ಮಾತ್ರ.

ಇಲ್ಲಿ ಆಗುವ ತಪ್ಪುಗಳು. ಮೊದಲನೆಯದು, ರಕ್ತದಲ್ಲಿ ಎರಿಥ್ರೊಪೊಯೆಟಿನ್ ಎಷ್ಟಿದೆ ಎಂಬ ದುಬಾರಿ ಪರೀಕ್ಷೆಗೆ ಹೋಗುವುದು. ವರದಿಯಲ್ಲಿ ಅದು ಆರೋಗ್ಯವಂತರ ಮಿತಿಯೊಳಗೇ ಕಾಣಬಹುದು. ಆದರೆ ಹಿಮೋಗ್ಲೋಬಿನ್ 7 ಇದ್ದವರಲ್ಲಿ, ಮೂತ್ರಪಿಂಡ ಚೆನ್ನಾಗಿದ್ದರೆ, ಅದು ಹತ್ತಾರು ಪಟ್ಟು ಏರಿರಬೇಕಿತ್ತು. ಡಯಾಲಿಸಿಸ್ ರೋಗಿಗೆ ಈ ಪರೀಕ್ಷೆಯಿಂದ ಚಿಕಿತ್ಸೆ ಬದಲಾಗುವುದಿಲ್ಲ.

ಎರಡನೆಯದು ಸಾಗಣೆ. ಈ ಔಷಧ ಪ್ರೊಟೀನು. ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಮೈಸೂರಿನಲ್ಲಿ ಕೊಂಡು ಚೀಲದಲ್ಲಿ ಹಾಕಿಕೊಂಡು ಏಪ್ರಿಲ್ ಬಿಸಿಲಿನಲ್ಲಿ ಊರಿಗೆ ಬಸ್ಸಿನಲ್ಲಿ ಒಯ್ದರೆ ಅದು ಕೆಡಬಹುದು. ಹಾಗೆಂದು ಮಂಜುಗಡ್ಡೆಗೆ ತಾಗಿಸಿ ಇಟ್ಟರೂ, ಫ್ರೀಜರ್‌ನಲ್ಲಿ ಇಟ್ಟರೂ ಕೆಡುತ್ತದೆ. ತಂಪು ಪೆಟ್ಟಿಗೆಯಲ್ಲಿ ಐಸ್‌ಪ್ಯಾಕ್ ಇಟ್ಟು, ಅದಕ್ಕೂ ಔಷಧಕ್ಕೂ ನಡುವೆ ದಪ್ಪ ಬಟ್ಟೆ ಹಾಕಿ. ಮನೆಯ ಫ್ರಿಜ್‌ನಲ್ಲಿ ಬಾಗಿಲಿನ ಕಡೆ ಬೇಡ, ನಡು ಅರೆಯಲ್ಲಿ ಇಡಿ. ಅಲುಗಾಡಿಸಬೇಡಿ. ದ್ರವ ಮಸುಕಾಗಿದ್ದರೆ, ತುಣುಕುಗಳು ಕಂಡರೆ ಬಳಸಬೇಡಿ.

ಮೂರನೆಯದು, ಪ್ರಮಾಣವನ್ನು ತೂಕಕ್ಕೆ ಹೋಲಿಸದಿರುವುದು. ಆರಂಭದಲ್ಲಿ ಸಾಮಾನ್ಯವಾಗಿ ಪ್ರತಿ ಕಿಲೋ ತೂಕಕ್ಕೆ 20ರಿಂದ 50 ಯೂನಿಟ್‌ನಂತೆ ವಾರಕ್ಕೆ ಮೂರು ಸಲ ಕೊಡುತ್ತಾರೆ. ವಾರಕ್ಕೆ ಎರಡೇ ಡಯಾಲಿಸಿಸ್ ಇದ್ದು, ಅದರಲ್ಲೂ ಒಂದು ತಪ್ಪಿದರೆ ಬರೆದುಕೊಟ್ಟ ಪ್ರಮಾಣದ ಅರ್ಧವೂ ಮೈಗೆ ಸೇರಿರುವುದಿಲ್ಲ. ನಿಮ್ಮ ನೋಟ್‌ಬುಕ್ ಈ ಲೆಕ್ಕಕ್ಕೆ ಬೇಕು.

## ಹಂತ 3: ಮಜ್ಜೆಗೆ ಬೇಕಾದ ದಿನಗಳನ್ನು ಕೊಡಿ

ವಯಸ್ಕರಲ್ಲಿ ಕೆಂಪುಕಣಗಳು ಹುಟ್ಟುವುದು ಸೊಂಟದ ಮೂಳೆ, ಬೆನ್ನುಮೂಳೆ, ಎದೆಯೆಲುಬು, ಪಕ್ಕೆಲುಬುಗಳ ಒಳಗಿನ ಕೆಂಪು ಮಜ್ಜೆಯಲ್ಲಿ. ಅಲ್ಲಿನ ಮೂಲಕೋಶಗಳಿಂದ ಕೆಂಪುಕಣದ ದಾರಿ ಹಿಡಿದ ಮರಿಕೋಶಗಳು ದಿನವೂ ಹುಟ್ಟುತ್ತಲೇ ಇರುತ್ತವೆ. ಅವುಗಳಲ್ಲಿ ಹೆಚ್ಚಿನವು ಬೆಳೆಯದೆ ಸಾಯುತ್ತವೆ.

ಎರಿಥ್ರೊಪೊಯೆಟಿನ್ ಮಾಡುವ ಕೆಲಸವನ್ನು ಬಹಳ ಜನ ತಪ್ಪು ತಿಳಿದಿರುವುದು ಇಲ್ಲೇ. ಅದು ಹೊಸ ಕೋಶಗಳನ್ನು ಹುಟ್ಟಿಸುವುದಕ್ಕಿಂತ ಹುಟ್ಟಿದವನ್ನು ಸಾಯದಂತೆ ತಡೆಯುತ್ತದೆ. ಸಸಿಮಡಿಯಲ್ಲಿ ಬೀಜ ಮೊಳೆತಿರುತ್ತದೆ, ನೀರು ಬಿದ್ದರೆ ಪೈರು ಉಳಿಯುತ್ತದೆ, ಬೀಳದಿದ್ದರೆ ಒಣಗುತ್ತದೆ. ಮರಿಕೋಶದ ಮೈಮೇಲಿನ ಗ್ರಾಹಕಕ್ಕೆ ಎರಿಥ್ರೊಪೊಯೆಟಿನ್ ಅಂಟಿದಾಗ ಆ ಕೋಶ ಬದುಕಿ ಮುಂದಿನ ವಿಭಜನೆಗೆ ಹೋಗುತ್ತದೆ. ಸಂದೇಶ ನಿಂತರೆ ಅದು ಬೇಗನೆ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ. ಒಂದು ವಾರ ಬಿಟ್ಟ ಇಂಜೆಕ್ಷನ್ನನ್ನು ಮುಂದಿನ ವಾರ ಎರಡು ಪಟ್ಟು ಹಾಕಿಸಿದರೆ ಸರಿಹೋಗುವುದಿಲ್ಲ ಎನ್ನುವುದಕ್ಕೆ ಕಾರಣ ಇದು. ಆ ವಾರದ ಪೈರು ಒಣಗಿ ಹೋಯಿತು.

ಬದುಕಿದ ಮರಿಕೋಶ ಸುಮಾರು ನಾಲ್ಕು ಸಲ ಒಡೆದು ಎರಡಾಗುತ್ತಾ ಹೋಗುತ್ತದೆ, ಅಂದರೆ ಒಂದರಿಂದ ಹದಿನಾರರವರೆಗೆ. ಒಳಗೆ ಹಿಮೋಗ್ಲೋಬಿನ್ ತುಂಬಿಕೊಳ್ಳುತ್ತದೆ. ಕೊನೆಯಲ್ಲಿ ತನ್ನ ಕೋಶಕೇಂದ್ರವನ್ನೇ ಹೊರದೂಡಿ ರೆಟಿಕ್ಯುಲೊಸೈಟ್ ಎಂಬ ಎಳೆಯ ಕಣವಾಗುತ್ತದೆ. ಈ ಎಲ್ಲಕ್ಕೂ ಸುಮಾರು ಒಂದು ವಾರ. ಆಮೇಲೆ ಎಳೆಯ ಕಣ ರಕ್ತಕ್ಕಿಳಿದು ಒಂದೆರಡು ದಿನಗಳಲ್ಲಿ ಬಲಿತ ಕೆಂಪುಕಣವಾಗುತ್ತದೆ.

ಈ ದಿನಗಳನ್ನು ಕ್ಯಾಲೆಂಡರ್ ಮೇಲೆ ಇಡಿ. ಇಂಜೆಕ್ಷನ್ ಶುರುವಾದ ಹತ್ತು ದಿನಗಳ ಒಳಗೆ ರೆಟಿಕ್ಯುಲೊಸೈಟ್ ಏರಬೇಕು. ಹಿಮೋಗ್ಲೋಬಿನ್ ಏರಿಕೆ ಕಾಣಲು ಎರಡರಿಂದ ಆರು ವಾರ ಬೇಕು. ಪ್ರತಿ ಐದು ದಿನಕ್ಕೊಮ್ಮೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ ಅಳುವುದರಿಂದ ರಕ್ತವೂ ವ್ಯರ್ಥ, ಹಣವೂ ವ್ಯರ್ಥ. ವೈದ್ಯರೂ ಸಾಮಾನ್ಯವಾಗಿ ನಾಲ್ಕು ವಾರ ಕಳೆಯುವ ಮುನ್ನ ಪ್ರಮಾಣ ಹೆಚ್ಚಿಸುವುದಿಲ್ಲ. ಅದು ಅವರ ನಿರ್ಲಕ್ಷ್ಯವಲ್ಲ.

## ಹಂತ 4: ರೆಟಿಕ್ಯುಲೊಸೈಟ್ ಎಣಿಸಿ, ಸರಿಯಾಗಿ ಓದಿ

ಹಿಮೋಗ್ಲೋಬಿನ್ ಎಂಬುದು ಬ್ಯಾಂಕ್ ಖಾತೆಯ ಬಾಕಿ ಇದ್ದ ಹಾಗೆ. ಈ ವಾರ ಎಷ್ಟು ಜಮೆಯಾಯಿತು ಎಂದು ಹೇಳುವುದು ರೆಟಿಕ್ಯುಲೊಸೈಟ್ ಎಣಿಕೆ. ರೋಗಿಗಳ ಫೈಲಿನಲ್ಲಿ ಅತಿ ಹೆಚ್ಚು ಕಾಣೆಯಾಗಿರುವ ಪರೀಕ್ಷೆಯೂ ಇದೇ. ಮಜ್ಜೆ ಕೆಲಸ ಮಾಡುತ್ತಿದೆಯೇ ಇಲ್ಲವೇ ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ, ಅಗ್ಗದ ಉತ್ತರ ಇಲ್ಲ. ಬರೆಸಿಕೊಳ್ಳಿ.

ಕೆಂಪುಕಣ ಸುಮಾರು 120 ದಿನ ಬದುಕುತ್ತದೆ. ಆದ್ದರಿಂದ ಆರೋಗ್ಯವಂತರಲ್ಲಿ ದಿನಕ್ಕೆ ಸುಮಾರು ಶೇಕಡಾ 1ರಷ್ಟು ಕಣಗಳು ಸತ್ತು ಅಷ್ಟೇ ಹೊಸದಾಗಿ ಬರುತ್ತವೆ. ವರದಿಯಲ್ಲಿ ಸಾಮಾನ್ಯ ಮಿತಿ ಶೇಕಡಾ 0.5ರಿಂದ 2.5 ಎಂದು ಅಚ್ಚಾಗಿರುವುದು ಈ ಕಾರಣಕ್ಕೇ. ನಿಮ್ಮವರ ಅಂಕಿ 0.9 ಇದ್ದರೆ ಎದುರಿಗೆ ನಕ್ಷತ್ರ ಗುರುತಿರುವುದಿಲ್ಲ, ಎಲ್ಲರೂ ನಾರ್ಮಲ್ ಎಂದು ಮುಂದೆ ಹೋಗುತ್ತಾರೆ. ಇದು ದೊಡ್ಡ ತಪ್ಪು. ಶೇಕಡಾವಾರು ಅಂಕಿ ಉಳಿದ ಕಣಗಳ ಪೈಕಿ ಲೆಕ್ಕ. ಒಟ್ಟು ಕಣಗಳೇ ಅರ್ಧ ಇದ್ದಾಗ ಅದನ್ನು ಸರಿಪಡಿಸಿ ಓದಬೇಕು.

ವರದಿಯಲ್ಲಿ ಹಿಮಟೋಕ್ರಿಟ್ ಅಥವಾ ಪಿಸಿವಿ ಎಂಬ ಅಂಕಿ ಹುಡುಕಿ, ರಕ್ತದಲ್ಲಿ ಕೆಂಪುಕಣಗಳ ಪಾಲು ಶೇಕಡಾ ಎಷ್ಟು ಎಂದು ಅದು ಹೇಳುತ್ತದೆ. ರೆಟಿಕ್ಯುಲೊಸೈಟ್ ಅಂಕಿಯನ್ನು ಅದರಿಂದ ಗುಣಿಸಿ, ಆರೋಗ್ಯವಂತರ ಅಂಕಿಯೆಂದು ಹಿಡಿಯುವ 45ರಿಂದ ಭಾಗಿಸಿ. 0.9ನ್ನು 24ರಿಂದ ಗುಣಿಸಿ 45ರಿಂದ ಭಾಗಿಸಿದರೆ 0.48. ರಕ್ತ ಕಡಿಮೆಯಿದ್ದಾಗ ಎಳೆಯ ಕಣಗಳು ಅವಧಿಗೆ ಮುಂಚೆ ಹೊರಬಂದು ರಕ್ತದಲ್ಲಿ ಹೆಚ್ಚು ದಿನ ಎಣಿಕೆಗೆ ಸಿಗುವುದರಿಂದ ನಿಜವಾದ ಉತ್ಪಾದನೆ ಇದಕ್ಕಿಂತಲೂ ಕಡಿಮೆಯೇ. ಅಂದರೆ ಎರಡು ಪಟ್ಟು ದುಡಿಯಬೇಕಾದ ಮಜ್ಜೆ ಅರ್ಧವೂ ದುಡಿಯುತ್ತಿಲ್ಲ.

ಸರಿಪಡಿಸಿದ ಅಂಕಿ ಕಡಿಮೆಯಿದ್ದರೆ ಹಂತ 5ಕ್ಕೆ ಹೋಗಿ. ಚೆನ್ನಾಗಿ ಏರಿದ್ದರೂ ಹಿಮೋಗ್ಲೋಬಿನ್ ಏರದಿದ್ದರೆ ಹಂತ 6ಕ್ಕೆ.

## ಹಂತ 5: ಕಬ್ಬಿಣ ಇಲ್ಲವೇ, ಅಥವಾ ಬೀಗ ಬಿದ್ದಿದೆಯೇ?

ಒಂದು ಗ್ರಾಂ ಹಿಮೋಗ್ಲೋಬಿನ್‌ಗೆ ಸುಮಾರು 3.4 ಮಿಲಿಗ್ರಾಂ ಕಬ್ಬಿಣ ಬೇಕು. ಆರೋಗ್ಯವಂತರ ಮಜ್ಜೆ ದಿನಕ್ಕೆ 20ರಿಂದ 25 ಮಿಲಿಗ್ರಾಂ ಕಬ್ಬಿಣ ಬಳಸುತ್ತದೆ. ಊಟದಿಂದ ಕರುಳು ಹೀರುವುದು 1ರಿಂದ 2 ಮಿಲಿಗ್ರಾಂ ಮಾತ್ರ. ಉಳಿದದ್ದೆಲ್ಲ ಸತ್ತ ಕಣಗಳಿಂದ ಮರಳಿ ಬರುತ್ತದೆ. ಗುಲ್ಮ, ಯಕೃತ್ತು, ಮಜ್ಜೆಗಳಲ್ಲಿರುವ ಭಕ್ಷಕ ಕೋಶಗಳು ಮುದಿಕಣಗಳನ್ನು ನುಂಗಿ ಕಬ್ಬಿಣವನ್ನು ಬಿಡಿಸಿ ವಾಪಸ್ಸು ಕೊಡುತ್ತವೆ.

ವಾಪಸ್ಸು ಕೊಡುವ ಬಾಗಿಲಿಗೆ ಒಂದು ಬೀಗವಿದೆ. ಯಕೃತ್ತು ತಯಾರಿಸುವ ಹೆಪ್ಸಿಡಿನ್ ಎಂಬ ಹಾರ್ಮೋನು ಕರುಳಿನ ಬಾಗಿಲನ್ನೂ ಭಕ್ಷಕ ಕೋಶಗಳ ಬಾಗಿಲನ್ನೂ ಮುಚ್ಚುತ್ತದೆ. ಮಜ್ಜೆ ಎರಿಥ್ರೊಪೊಯೆಟಿನ್ ಪಡೆದು ಚುರುಕಾದಾಗ ಅಲ್ಲಿನ ಮರಿಕೋಶಗಳು ಎರಿಥ್ರೊಫೆರೋನ್ ಎಂಬ ಸಂದೇಶವನ್ನು ಯಕೃತ್ತಿಗೆ ಕಳಿಸಿ ಬೀಗ ತೆಗೆಸುತ್ತವೆ. ಆದರೆ ಮೈಯಲ್ಲಿ ಸೋಂಕೋ ಉರಿಯೂತವೋ ಇದ್ದರೆ ಯಕೃತ್ತು ಹೆಪ್ಸಿಡಿನ್ ಸುರಿಯುತ್ತಲೇ ಇರುತ್ತದೆ. ಮೂತ್ರಪಿಂಡ ಕೆಟ್ಟವರಲ್ಲಿ ಅದು ಹೊರಹೋಗುವುದೂ ಕಡಿಮೆ. ಆಗ ಗೋದಾಮಿನಲ್ಲಿ ಕಬ್ಬಿಣವಿದ್ದರೂ ಮಜ್ಜೆಗೆ ಸಿಗುವುದಿಲ್ಲ.

ಎರಡು ಪರೀಕ್ಷೆಗಳನ್ನು ಒಟ್ಟಿಗೆ ಓದಬೇಕು, ಒಂದೊಂದನ್ನೇ ಓದಿದರೆ ಮೋಸಹೋಗುತ್ತೀರಿ. ಗೋದಾಮಿನ ದಾಸ್ತಾನು ತಿಳಿಸುವುದು ಫೆರಿಟಿನ್. ಮಜ್ಜೆಯ ದಾರಿಯಲ್ಲಿ ಎಷ್ಟು ಕಬ್ಬಿಣ ಹೋಗುತ್ತಿದೆ ಎಂದು ತಿಳಿಸುವುದು ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್. ಅದು ವರದಿಯಲ್ಲಿ ಇಲ್ಲದಿದ್ದರೆ ನೀವೇ ಲೆಕ್ಕ ಹಾಕಬಹುದು: ರಕ್ತದ ಕಬ್ಬಿಣವನ್ನು ಒಟ್ಟು ಕಬ್ಬಿಣ ಬಂಧನ ಸಾಮರ್ಥ್ಯದಿಂದ ಭಾಗಿಸಿ 100ರಿಂದ ಗುಣಿಸಿ.

ಸ್ಯಾಚುರೇಶನ್ 20ಕ್ಕಿಂತ ಕಡಿಮೆ, ಜೊತೆಗೆ ಡಯಾಲಿಸಿಸ್ ರೋಗಿಯ ಫೆರಿಟಿನ್ 200ಕ್ಕಿಂತ ಕಡಿಮೆ ಇದ್ದರೆ ಗೋದಾಮೇ ಖಾಲಿ ಎಂದು ತಿಳಿಯುತ್ತಾರೆ. ಸ್ಯಾಚುರೇಶನ್ 20ಕ್ಕಿಂತ ಕಡಿಮೆಯಿದ್ದು ಫೆರಿಟಿನ್ ಮಾತ್ರ ಏರಿದ್ದರೆ ಬೀಗ ಬಿದ್ದಿದೆ ಎಂಬ ಅನುಮಾನ. ಆಗ ಉರಿಯೂತ ಎಷ್ಟಿದೆ ಎಂದು ತಿಳಿಸುವ ಸಿಆರ್‌ಪಿ ಪರೀಕ್ಷೆ ಕೇಳಿ, ಸೋಂಕಿನ ಜಾಗ ಹುಡುಕಿ. ಕುತ್ತಿಗೆಯ ಡಯಾಲಿಸಿಸ್ ಕೊಳವೆಯ ಬುಡ, ಹುಳುಕು ಹಲ್ಲು, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ಕ್ಷಯ, ಹಿಂದೆ ಕಸಿ ಮಾಡಿ ವಿಫಲವಾದ ಮೂತ್ರಪಿಂಡ ಇವೆಲ್ಲ ಪಟ್ಟಿಯಲ್ಲಿರಲಿ.

ಕಬ್ಬಿಣದ ಡ್ರಿಪ್ ಹಾಕಿದ ಮರುದಿನವೇ ಈ ಪರೀಕ್ಷೆ ಮಾಡಿಸಬೇಡಿ. ಅಂಕಿ ಸುಳ್ಳು ಹೇಳುತ್ತದೆ. ಕನಿಷ್ಠ ಒಂದು ವಾರ ಬಿಡಿ.

ಮಾತ್ರೆಯ ವಿಷಯವನ್ನೂ ಹೇಳಬೇಕು. ಡಯಾಲಿಸಿಸ್ ರೋಗಿಗೆ ಕಬ್ಬಿಣದ ಮಾತ್ರೆ ಸಾಮಾನ್ಯವಾಗಿ ಸಾಲುವುದಿಲ್ಲ, ಏಕೆಂದರೆ ಕರುಳಿನ ಬಾಗಿಲೂ ಮುಚ್ಚಿದೆ. ಊಟದ ಜೊತೆ ಕೊಡುವ ಕ್ಯಾಲ್ಸಿಯಂ ಮಾತ್ರೆಯೊಂದಿಗೋ ಕಾಫಿ, ಟೀಯೊಂದಿಗೋ ನುಂಗಿದರೆ ಹೀರಿಕೆ ಇನ್ನೂ ಕಡಿಮೆ. ಆದ್ದರಿಂದ ಡಯಾಲಿಸಿಸ್ ನಡೆಯುವಾಗಲೇ ರಕ್ತನಾಳಕ್ಕೆ ಕಬ್ಬಿಣ ಕೊಡುತ್ತಾರೆ. ಜ್ವರ, ಸೋಂಕು ಜೋರಾಗಿರುವಾಗ ಅದನ್ನು ಮುಂದೂಡುತ್ತಾರೆ, ಕಾರಣ ಸೂಕ್ಷ್ಮಾಣುಗಳಿಗೂ ಕಬ್ಬಿಣ ಬೇಕು.

ಕಬ್ಬಿಣದ ಲೆಕ್ಕವೆಲ್ಲ ಸರಿಯಿದ್ದೂ ಮಜ್ಜೆ ಎಚ್ಚರಗೊಳ್ಳದಿದ್ದರೆ ಬಿ12, ಫೋಲೇಟ್, ಪ್ಯಾರಾಥೈರಾಯ್ಡ್ ಹಾರ್ಮೋನು, ಡಯಾಲಿಸಿಸ್ ಸಾಕಷ್ಟು ಆಗುತ್ತಿದೆಯೇ ಎಂಬ ಪ್ರಶ್ನೆಗಳನ್ನು ವೈದ್ಯರು ಎತ್ತಿಕೊಳ್ಳುತ್ತಾರೆ.

ದಯವಿಟ್ಟು ಇದೊಂದನ್ನು ಮಾಡಬೇಡಿ. ರಕ್ತ ಹೆಚ್ಚಲೆಂದು ಬೀಟ್‌ರೂಟ್ ರಸ, ಖರ್ಜೂರ, ದಾಳಿಂಬೆ, ಸೊಪ್ಪಿನ ಬಸಿದ ಕಟ್ಟು, ಸುಸ್ತಿಗೆಂದು ಮದ್ದೂರಿನ ಎಳನೀರು ಇವನ್ನು ಪ್ರೀತಿಯಿಂದ ಕುಡಿಸಿದ ಮನೆಗಳನ್ನು ನಾನು ಬಲ್ಲೆ. ಇವುಗಳಲ್ಲಿ ಪೊಟ್ಯಾಸಿಯಂ ಹೆಚ್ಚು. ಮೂತ್ರಪಿಂಡ ಅದನ್ನು ಹೊರಹಾಕದಿದ್ದರೆ ಹೃದಯದ ಬಡಿತ ತಪ್ಪುತ್ತದೆ, ನಿಂತೇ ಹೋಗಬಹುದು. ಬೆಲ್ಲದ ಕಬ್ಬಿಣವನ್ನು ನಂಬಿ ಸಕ್ಕರೆ ಕಾಯಿಲೆಯವರಿಗೆ ಆಲೆಮನೆಯ ಬೆಲ್ಲ ಕೊಡುವುದೂ ಹೀಗೆಯೇ ಅಪಾಯ.

## ಹಂತ 6: ರಕ್ತ ಎಲ್ಲಾದರೂ ಸೋರುತ್ತಿದೆಯೇ?

ಈ ಹಂತಕ್ಕೆ ಒಂದು ಸರಳ ಗಣಿತ ಸಾಕು. ಮಜ್ಜೆ ಇವತ್ತು ಸಂಪೂರ್ಣ ನಿಂತಿತು ಎಂದುಕೊಳ್ಳೋಣ. ಕಣ 120 ದಿನ ಬದುಕುವವರಲ್ಲಿ ಹಿಮೋಗ್ಲೋಬಿನ್ 9 ಇದ್ದರೆ ದಿನಕ್ಕೆ ಸುಮಾರು 0.075 ಇಳಿಯುತ್ತದೆ, ವಾರಕ್ಕೆ 0.5. ಮೂತ್ರಪಿಂಡ ರೋಗಿಗಳಲ್ಲಿ ಕಣಗಳ ಆಯಸ್ಸು ಕಡಿಮೆ. 70 ದಿನ ಎಂದು ಹಿಡಿದರೂ ವಾರಕ್ಕೆ 0.9 ಇಳಿಯಬಹುದು. ಹಾಗಾದರೆ ಒಂದೇ ವಾರದಲ್ಲಿ 9ರಿಂದ 7.3ಕ್ಕೆ ಬಂದರೆ? ಮಜ್ಜೆಯ ಸೋಮಾರಿತನವೊಂದರಿಂದಲೇ ಇಷ್ಟು ಆಗಲಾರದು. ಒಂದೋ ನೀರು ತುಂಬಿದೆ, ಇಲ್ಲವೇ ರಕ್ತ ಹೋಗುತ್ತಿದೆ, ಇಲ್ಲವೇ ಕಣಗಳು ಒಡೆಯುತ್ತಿವೆ. ಇಂಥ ಇಳಿತ ಕಂಡ ದಿನವೇ ವೈದ್ಯರಿಗೆ ಫೋನ್ ಮಾಡಿ.

ಮಲ ಡಾಂಬರಿನಂತೆ ಕಪ್ಪಾಗಿದೆಯೇ ಎಂದು ಕೇಳಿ. ಕಬ್ಬಿಣದ ಮಾತ್ರೆಯಿಂದಲೂ ಕಪ್ಪಾಗುತ್ತದೆ, ಆದರೆ ರಕ್ತದಿಂದಾದ ಕಪ್ಪು ಜಿಗುಟು, ದುರ್ನಾತ ಹೆಚ್ಚು. ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ನುಂಗುತ್ತಿದ್ದಾರೆಯೇ? ಮೂಲವ್ಯಾಧಿ ಇದೆಯೇ? ಹೆಣ್ಣುಮಕ್ಕಳಲ್ಲಿ ಮುಟ್ಟಿನ ಸ್ರಾವ ಹೆಚ್ಚಿದೆಯೇ? ಇದನ್ನು ಕೇಳಲು ಗಂಡಸರು ಸಂಕೋಚಪಡುತ್ತಾರೆ, ಹೆಣ್ಣುಮಕ್ಕಳು ತಾವಾಗಿ ಹೇಳಲೂ ಸಂಕೋಚಪಡುತ್ತಾರೆ. ಹಾಗೆಯೇ ಡಯಾಲಿಸಿಸ್ ಮುಗಿದಾಗ ಯಂತ್ರದ ನಳಿಕೆಯಲ್ಲಿ ರಕ್ತ ಉಳಿಯುತ್ತಿದೆಯೇ, ಸೋಸುಕ ಹೆಪ್ಪುಗಟ್ಟುತ್ತಿದೆಯೇ ಎಂದು ಸಿಬ್ಬಂದಿಯನ್ನು ಕೇಳಿ. ಪ್ರತಿ ಸಲ ಸ್ವಲ್ಪ ಸ್ವಲ್ಪ ಹೋಗಿ, ವರ್ಷಕ್ಕೆ ಒಂದು ಗ್ರಾಂಗಿಂತ ಹೆಚ್ಚು ಕಬ್ಬಿಣ ಹೀಗೆ ನಷ್ಟವಾಗಬಹುದು.

## ಒಂದು ಫೈಲನ್ನು ಕ್ರಮವಾಗಿ ಓದೋಣ

ಮಳವಳ್ಳಿ ಕಡೆಯ ಒಬ್ಬ ರೈತರು, ವಯಸ್ಸು 54, ತೂಕ 58 ಕಿಲೋ, ವಾರಕ್ಕೆ ಎರಡು ಡಯಾಲಿಸಿಸ್. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಪ್ರತಿ ಡಯಾಲಿಸಿಸ್‌ಗೆ 4000 ಯೂನಿಟ್‌ನಂತೆ ಆರು ವಾರ ಇಂಜೆಕ್ಷನ್ ಆಗಿದೆ. ಹಿಮೋಗ್ಲೋಬಿನ್ 7.8 ಇದ್ದದ್ದು 7.9 ಆಗಿದೆ. ಪ್ರಮಾಣ ಹೆಚ್ಚಿಸುವಂತೆ ಕೇಳಲು ಮಗ ಹೊರಟಿದ್ದ.

ಹಂತ 1: ಎರಡೂ ಮಾದರಿ ಡಯಾಲಿಸಿಸ್‌ಗೆ ಮುಂಚಿನವು, ತೂಕವೂ ಹೆಚ್ಚುಕಡಿಮೆ ಒಂದೇ. ಅಂಕಿ ನಂಬಬಹುದು. ಹಂತ 2: ಇಂಜೆಕ್ಷನ್ ಒಂದೂ ತಪ್ಪಿಲ್ಲ, ಆಸ್ಪತ್ರೆಯ ಫ್ರಿಜ್‌ನಲ್ಲೇ ಇರುತ್ತದೆ. ವಾರಕ್ಕೆ ಕಿಲೋಗೆ ಸುಮಾರು 138 ಯೂನಿಟ್, ತೀರಾ ಕಡಿಮೆಯೇನಲ್ಲ. ಹಂತ 3: ಆರು ವಾರ ಕಳೆದಿದೆ, ಕಾದದ್ದು ಸಾಕು. ಹಂತ 4: ರೆಟಿಕ್ಯುಲೊಸೈಟ್ 0.9, ಹಿಮಟೋಕ್ರಿಟ್ 24, ಸರಿಪಡಿಸಿದರೆ 0.48. ಮಜ್ಜೆ ಮಲಗಿದೆ. ಹಂತ 5: ಕಬ್ಬಿಣ 28, ಬಂಧನ ಸಾಮರ್ಥ್ಯ 200, ಅಂದರೆ ಸ್ಯಾಚುರೇಶನ್ 14. ಫೆರಿಟಿನ್ ಮಾತ್ರ 410.

ಆ 410ನ್ನು ನೋಡಿ ಹಿಂದೆ ಯಾರೋ "ಕಬ್ಬಿಣ ಬೇಕಾದಷ್ಟಿದೆ" ಎಂದಿದ್ದರಂತೆ. ಎರಡನ್ನೂ ಒಟ್ಟಿಗೆ ಓದಿದರೆ ಅರ್ಥ ಬೇರೆ. ಸಿಆರ್‌ಪಿ ಮಾಡಿಸಿದಾಗ 48 ಬಂತು. ಕುತ್ತಿಗೆಯ ಕೊಳವೆಯ ಬುಡದಲ್ಲಿ ತೆಳ್ಳಗೆ ಕೀವು ಇತ್ತು. ಜ್ವರವಿಲ್ಲದ್ದರಿಂದ ಯಾರೂ ಪಟ್ಟಿ ಬಿಚ್ಚಿ ನೋಡಿರಲಿಲ್ಲ. ತಜ್ಞರು ಇಂಜೆಕ್ಷನ್ ಪ್ರಮಾಣವನ್ನು ಮುಟ್ಟಲಿಲ್ಲ. ಮೊದಲು ಆ್ಯಂಟಿಬಯೋಟಿಕ್ ಕೊಟ್ಟು ಕೊಳವೆ ಬದಲಿಸಿದರು. ಮೂರು ವಾರದ ನಂತರ ಸಿಆರ್‌ಪಿ 6, ಫೆರಿಟಿನ್ 290, ಸ್ಯಾಚುರೇಶನ್ 16. ಬೀಗ ಸಡಿಲವಾಗಿದೆ, ದಾಸ್ತಾನು ನಾವು ಅಂದುಕೊಂಡಷ್ಟಿಲ್ಲ.

ಎಷ್ಟು ಕಬ್ಬಿಣ ಬೇಕಿತ್ತು ನೋಡಿ. 58 ಕಿಲೋ ತೂಕದವರಲ್ಲಿ ರಕ್ತ ಸುಮಾರು 4 ಲೀಟರ್. 7.8ರಿಂದ 10ಕ್ಕೆ ಏರಬೇಕೆಂದರೆ ಲೀಟರಿಗೆ 22 ಗ್ರಾಂ, ಒಟ್ಟು 88 ಗ್ರಾಂ ಹೊಸ ಹಿಮೋಗ್ಲೋಬಿನ್. ಅದಕ್ಕೆ ಸುಮಾರು 300 ಮಿಲಿಗ್ರಾಂ ಕಬ್ಬಿಣ. ಕರುಳಿನಿಂದ ದಿನಕ್ಕೆ 2 ಮಿಲಿಗ್ರಾಂ ಬಂದು ಅದರಲ್ಲಿ ಏನೂ ನಷ್ಟವಾಗದಿದ್ದರೂ ಐದು ತಿಂಗಳು ಹಿಡಿಯುತ್ತಿತ್ತು. ಪ್ರತಿ ಡಯಾಲಿಸಿಸ್‌ನಲ್ಲಿ 100 ಮಿಲಿಗ್ರಾಂನಂತೆ ಹತ್ತು ಸಲ, ಐದು ವಾರಗಳಲ್ಲಿ 1000 ಮಿಲಿಗ್ರಾಂ ಕೊಟ್ಟರು. ಹೆಚ್ಚುವರಿ ಕಬ್ಬಿಣ ದಾಸ್ತಾನಿಗೆ, ಡಯಾಲಿಸಿಸ್ ನಷ್ಟಕ್ಕೆ. ಎರಡನೇ ವಾರದ ಕೊನೆಗೆ ರೆಟಿಕ್ಯುಲೊಸೈಟ್ 2.1, ಸರಿಪಡಿಸಿದರೆ 1.2ರ ಹತ್ತಿರ. ಹಿಮೋಗ್ಲೋಬಿನ್ ಇನ್ನೂ 8.2 ಇತ್ತು. ಮಗನ ಮುಖ ಬಾಡಿತ್ತು, ನನಗೆ ಮಾತ್ರ ಅಂದೇ ಧೈರ್ಯ ಬಂದಿತ್ತು. ಐದನೇ ವಾರಕ್ಕೆ 9.1, ಹತ್ತನೇ ವಾರಕ್ಕೆ 10.2. ಇಂಜೆಕ್ಷನ್ ಅದೇ 4000 ಯೂನಿಟ್.

## ತಡಮಾಡದೆ ವೈದ್ಯರನ್ನು ಕಾಣಬೇಕಾದ ಸೂಚನೆಗಳು

ರಕ್ತ ಏರುವುದೂ ಅಳತೆಯಲ್ಲಿರಬೇಕು. ಎರಡು ವಾರದಲ್ಲಿ 1 ಗ್ರಾಂಗಿಂತ ಹೆಚ್ಚು ಏರಿದರೆ ವೈದ್ಯರು ಪ್ರಮಾಣವನ್ನು ಸುಮಾರು ಕಾಲುಭಾಗ ಇಳಿಸುತ್ತಾರೆ. ಹೊಸದಾಗಿ ತಲೆನೋವು, ಕಣ್ಣು ಮಂಜಾಗುವುದು, ರಕ್ತದೊತ್ತಡ ಏರುವುದು ಕಂಡರೆ ಮುಂದಿನ ಇಂಜೆಕ್ಷನ್‌ಗೆ ಮುಂಚೆ ಹೇಳಿ. ಫಿಟ್ಸ್ ಬಂದರೆ ನೇರ ತುರ್ತು ವಿಭಾಗಕ್ಕೆ. ಡಯಾಲಿಸಿಸ್‌ಗೆಂದು ರಕ್ತನಾಳಗಳನ್ನು ಜೋಡಿಸಿ ಮಾಡಿದ ಫಿಸ್ಟುಲಾ ಇರುವ ಕೈಯ ಮೇಲೆ ದಿನವೂ ಬೆರಳಿಟ್ಟು ನೋಡಿ. ಅಲ್ಲಿನ ಕಂಪನ ನಿಂತಿದ್ದರೆ ಹೆಪ್ಪುಗಟ್ಟಿರಬಹುದು, ಅದೇ ದಿನ ಹೋಗಿ. ಎದೆನೋವು, ಮಾತು ತೊದಲುವುದು, ಒಂದು ಪಕ್ಕ ಬಲಹೀನವಾಗುವುದು ಕಂಡರೆ ಗಂಟೆಯೂ ಕಾಯಬಾರದು.

ಅಪರೂಪದ ಇನ್ನೊಂದು ಅಪಾಯವಿದೆ. ತಿಂಗಳುಗಟ್ಟಲೆ ಚೆನ್ನಾಗಿ ಏರಿ ನಿಂತಿದ್ದ ಹಿಮೋಗ್ಲೋಬಿನ್ ವಾರವಾರವೂ 0.5ರಿಂದ 1 ಇಳಿಯುತ್ತಾ ಹೋಗುತ್ತದೆ, ರೆಟಿಕ್ಯುಲೊಸೈಟ್ ಸೊನ್ನೆಯ ಹತ್ತಿರ, ಬಿಳಿಕಣ ಮತ್ತು ಪ್ಲೇಟ್‌ಲೆಟ್ ಮಾತ್ರ ಸರಿಯಾಗಿವೆ. ದೇಹ ಈ ಔಷಧದ ವಿರುದ್ಧವೇ ಪ್ರತಿಕಾಯ ಮಾಡಿಕೊಂಡಿರಬಹುದು, ಅವು ತನ್ನದೇ ಎರಿಥ್ರೊಪೊಯೆಟಿನ್‌ಗೂ ಅಂಟಿ ಅದನ್ನು ಕಟ್ಟಿಹಾಕುತ್ತವೆ. ಇಲ್ಲಿ ಬೇರೆ ಕಂಪನಿಯ ಇಂಜೆಕ್ಷನ್‌ಗೆ ಬದಲಿಸುವುದು ಪರಿಹಾರವಲ್ಲ. ಮುಂದಿನ ಡೋಸ್ ಹಾಕಿಸುವ ಮುನ್ನ ತಜ್ಞರು ನೋಡಲೇಬೇಕು.

ಮೂತ್ರಪಿಂಡ ಕಸಿಗೆ ಹೆಸರು ಬರೆಸಿರುವವರು, "ಒಂದು ಬಾಟಲಿ ರಕ್ತ ಏರಿಸಿಬಿಡಿ" ಎಂದು ತಾವಾಗಿ ಕೇಳಬೇಡಿ. ಹೊರಗಿನ ರಕ್ತದಿಂದ ಪ್ರತಿಕಾಯಗಳು ಬೆಳೆದು ಮುಂದೆ ಹೊಂದುವ ಮೂತ್ರಪಿಂಡ ಸಿಗುವುದು ಕಷ್ಟವಾಗಬಹುದು. ಜೀವಕ್ಕೆ ಅಪಾಯವಿರುವಾಗ ಆ ನಿರ್ಧಾರವನ್ನು ವೈದ್ಯರು ಮಾಡುತ್ತಾರೆ.

## ಗುರಿ ಮುಟ್ಟಿದ ಮೇಲೆ

ಬಹಳ ಮನೆಗಳಲ್ಲಿ 14 ಬರಬೇಕೆಂಬ ಆಸೆ ಇರುತ್ತದೆ. ಡಯಾಲಿಸಿಸ್ ರೋಗಿಗೆ ಈ ಇಂಜೆಕ್ಷನ್ನಿನಿಂದ 13 ದಾಟಿಸುವುದು ಪಾರ್ಶ್ವವಾಯು, ಹೆಪ್ಪುಗಟ್ಟುವಿಕೆಯ ಅಪಾಯ ಹೆಚ್ಚಿಸುತ್ತದೆ. ಸಾಮಾನ್ಯವಾಗಿ 10ರಿಂದ 11.5ರ ನಡುವೆ ನಿಲ್ಲಿಸಿಕೊಳ್ಳುತ್ತಾರೆ. ಅಲ್ಲಿಗೆ ಬಂದಾಗ "ಸರಿಹೋಯಿತಲ್ಲ" ಎಂದು ನೀವಾಗಿಯೇ ಇಂಜೆಕ್ಷನ್ ಬಿಡಬೇಡಿ. ಮೂತ್ರಪಿಂಡ ಈಗಲೂ ಸಂದೇಶ ಕಳಿಸುತ್ತಿಲ್ಲ. ಬಿಟ್ಟ ವಾರ ಏನೂ ಗೊತ್ತಾಗುವುದಿಲ್ಲ, ಇರುವ ಕಣಗಳು ಸಾಯುತ್ತಾ ಒಂದೂವರೆ ತಿಂಗಳಲ್ಲಿ ಮತ್ತೆ 8ಕ್ಕೆ ಬಂದಿರುತ್ತೀರಿ. ಪ್ರಮಾಣ ಇಳಿಸುವುದೋ ದಿನಗಳ ಅಂತರ ಹೆಚ್ಚಿಸುವುದೋ ಎಂದು ತಜ್ಞರನ್ನು ಕೇಳಿ. ಹಿಮೋಗ್ಲೋಬಿನ್ ಪ್ರತಿ ತಿಂಗಳು, ಫೆರಿಟಿನ್ ಮತ್ತು ಸ್ಯಾಚುರೇಶನ್ ಮೂರು ತಿಂಗಳಿಗೊಮ್ಮೆ ಮಾಡಿಸಿ, ನೋಟ್‌ಬುಕ್ಕಿನಲ್ಲಿ ತೂಕದ ಪಕ್ಕದಲ್ಲೇ ಬರೆಯುತ್ತಾ ಹೋಗಿ.